ದಿನಕ್ಕೆ 23 ಕಿಲೋಮೀಟರ್, ಕೊನೆಗೊಂದು ದಿಬ್ಬ: ಇ-ಸೈಕಲ್ ಬೇಕಾ, ಗೇರ್ ಸೈಕಲ್ ಸಾಕಾ?

ದಿಬ್ಬದ ಮನೆ (ಮೊದಲ ಪೋಸ್ಟ್)

ಎಲ್ಲರಿಗೂ ನಮಸ್ಕಾರ. ಮನೆ ರಾಜರಾಜೇಶ್ವರಿ ನಗರದಲ್ಲಿ, ಆಫೀಸು ಜಯನಗರದಲ್ಲಿ. ನಾಯಂಡಹಳ್ಳಿಗೆ ಬಂದು, ರಿಂಗ್ ರೋಡ್ ಹಿಡಿದು, ಹೊಸಕೆರೆಹಳ್ಳಿ, ಕತ್ರಿಗುಪ್ಪೆ, ಕಾಮಾಕ್ಯ ದಾಟಿ ಹೋಗುತ್ತೇನೆ. ಒಂದು ಕಡೆಗೆ ಹನ್ನೊಂದೂವರೆ ಕಿಲೋಮೀಟರ್. ಇಷ್ಟು ದಿನ ಸ್ಕೂಟರ್. ಈಗ ಸೈಕಲ್ಲಿಗೆ ಬರಬೇಕು ಅಂತ ಗಟ್ಟಿ ಮಾಡಿದ್ದೇನೆ.

ತೊಂದರೆ ಇರುವುದು ಸಂಜೆ. ಮನೆ ದಿಬ್ಬದ ಮೇಲಿದೆ. ಕೊನೆಯ ಅರ್ಧ ಕಿಲೋಮೀಟರ್ ಬರೀ ಏರು. ಫೋನಿನಲ್ಲಿ ನೋಡಿದರೆ 35 ಮೀಟರ್ ಎತ್ತರ ಹತ್ತಬೇಕು ಅಂತ ತೋರಿಸುತ್ತದೆ. ದಿನವಿಡೀ ಕೆಲಸ ಮಾಡಿ, ಲ್ಯಾಪ್‌ಟಾಪ್ ಬ್ಯಾಗ್ ಹೊತ್ತು ಅದನ್ನು ತುಳಿಯುವ ಶಕ್ತಿ ನನಗಿಲ್ಲ. ಬೆಳಿಗ್ಗೆ ಬೆವರಿಳಿಸಿಕೊಂಡು ಆಫೀಸಿಗೆ ಹೋಗುವ ಹಾಗೂ ಇಲ್ಲ, ಅಲ್ಲಿ ಸ್ನಾನದ ವ್ಯವಸ್ಥೆ ಇಲ್ಲ.

ಎರಡು ಅಂಗಡಿ ಸುತ್ತಿದೆ. ಎರಡರಲ್ಲೂ ಹಿಂದಿನ ಚಕ್ರದಲ್ಲಿ ಮೋಟರ್ ಇರುವ ಇ-ಸೈಕಲ್ ತೋರಿಸಿದರು. ಒಂದರ ಬ್ಯಾಟರಿ 36 ವೋಲ್ಟ್, 7.8 ಎಎಚ್. ಇನ್ನೊಂದರದ್ದು 36 ವೋಲ್ಟ್, 10.4 ಎಎಚ್. ಎರಡಕ್ಕೂ "60 ಕಿಲೋಮೀಟರ್ ಬರುತ್ತೆ ಮೇಡಂ" ಅಂದರು. ಬ್ಯಾಟರಿ ಬೇರೆ ಬೇರೆ ಇದ್ದರೂ ಲೆಕ್ಕ ಒಂದೇ ಹೇಗಾಗುತ್ತದೆ? ನನ್ನ ಎತ್ತರ 5 ಅಡಿ 2 ಇಂಚು. ಹತ್ತಿ ಕೂತಾಗ ಹ್ಯಾಂಡಲ್ ದೂರ ಅನಿಸಿತು, ಹತ್ತು ನಿಮಿಷಕ್ಕೆ ಭುಜ ನೋವು ಬಂತು. "ಅಭ್ಯಾಸ ಆಗುತ್ತೆ" ಅಂದರು. ನಿಜಾನಾ?

ಆಫೀಸಿನ ಬೇಸ್‌ಮೆಂಟ್‌ನಲ್ಲಿ ನಿಲ್ಲಿಸಬೇಕು, ಕಳ್ಳತನದ ಭಯವೂ ಇದೆ. ಬಲ್ಲವರು ಹೇಳಿ.

ಬೆಳಗಿನ ಸವಾರ

ಭುಜ ನೋಯುವುದು ಸೈಜು ತಪ್ಪಿದ್ದಕ್ಕೆ ಮೇಡಂ. 5 ಅಡಿ 4 ಇಂಚಿಗಿಂತ ಕಡಿಮೆ ಇದ್ದವರು 26 ಇಂಚಿನದ್ದು ತಗೊಳ್ಳಬೇಕು. ಅದಕ್ಕಿಂತ ಎತ್ತರ ಇದ್ದರೆ 27.5, ಆರಡಿ ಆದರೆ 29. ನಾನು ಎಂಟು ವರ್ಷದಿಂದ ಸೈಕಲ್ ಹೊಡೆಯುತ್ತಿದ್ದೇನೆ. 26 ತಗೊಳ್ಳಿ, ಎಲ್ಲಾ ಸರಿ ಹೋಗುತ್ತದೆ.

ಬಸ್ ಪಾಸ್

ಇದಕ್ಕೆ ಲೈಸೆನ್ಸ್, ನಂಬರ್ ಪ್ಲೇಟ್, ಇನ್ಶೂರೆನ್ಸ್ ಎಲ್ಲಾ ಸೇರಿ ಎಷ್ಟಾಗುತ್ತದೆ? ನಮ್ಮ ಭಾವನ ಎಲೆಕ್ಟ್ರಿಕ್ ಸ್ಕೂಟರ್‌ಗೆ ರಿಜಿಸ್ಟ್ರೇಷನ್ನಿಗೇ ಓಡಾಡಿ ಸಾಕಾಯಿತು.

ಕಡ್ಡಿ ಬಿಗಿಯುವವ

@ಬಸ್ ಪಾಸ್, ಅದು ಸ್ಕೂಟರ್, ಇದು ಸೈಕಲ್. ಮೋಟರ್ 250 ವ್ಯಾಟ್ ಮಿತಿಯೊಳಗಿದ್ದು, ವೇಗ ಗಂಟೆಗೆ 25 ಕಿಲೋಮೀಟರ್ ದಾಟದಿದ್ದರೆ ರಿಜಿಸ್ಟ್ರೇಷನ್ ಬೇಡ, ಲೈಸೆನ್ಸ್ ಬೇಡ. ಆದರೆ ಕೆಲವು ಅಂಗಡಿಯವರು ಡಿಸ್‌ಪ್ಲೇನಲ್ಲಿ ಲಿಮಿಟ್ ತೆಗೆದು 35 ಓಡುವ ಹಾಗೆ ಮಾಡಿಕೊಡುತ್ತಾರೆ. ಅಲ್ಲಿಗೆ ಅದು ಕಾನೂನಿನ ಕಣ್ಣಲ್ಲಿ ಸೈಕಲ್ ಆಗಿ ಉಳಿಯುವುದಿಲ್ಲ. ಬೇಡ ಅನ್ನಿ.

@ಬೆಳಗಿನ ಸವಾರ, ನೀವು ಹೇಳಿದ್ದು ಅರ್ಧ ಸರಿ. ಭುಜ ನೋವು ಸೈಜಿನಿಂದಲೇ. ಆದರೆ 26, 27.5, 29 ಅನ್ನುವುದು ಚಕ್ರದ ಅಳತೆ. ಫ್ರೇಮಿನ ಅಳತೆ ಬೇರೆ. 26 ಇಂಚಿನ ಚಕ್ರಕ್ಕೆ 18 ಇಂಚಿನ ಫ್ರೇಮೂ ಬರುತ್ತದೆ, 27.5ಕ್ಕೆ 15 ಇಂಚಿನ ಫ್ರೇಮೂ ಬರುತ್ತದೆ. ಇವರಿಗೆ ಎರಡನೆಯದೇ ಸರಿ ಕೂರಬಹುದು. ತೊಂದರೆ ಏನೆಂದರೆ ನಮ್ಮಲ್ಲಿ ಸಿಗುವ ಎಷ್ಟೋ ಇ-ಸೈಕಲ್‌ಗಳು ಒಂದೇ ಫ್ರೇಮಿನಲ್ಲಿ ಬರುತ್ತವೆ. ಐದಡಿಯವರಿಗೂ ಅದೇ, ಆರಡಿಯವರಿಗೂ ಅದೇ. ಸೀಟನ್ನು ಮೇಲೆ ಕೆಳಗೆ ಮಾಡಿ ಕೊಟ್ಟುಬಿಡುತ್ತಾರೆ. ಸೀಟಿನ ಎತ್ತರ ಸರಿಯಾಗುತ್ತದೆ ನಿಜ, ಆದರೆ ಸೀಟಿನಿಂದ ಹ್ಯಾಂಡಲ್‌ಗೆ ಇರುವ ದೂರ ಹಾಗೇ ಉಳಿಯುತ್ತದೆ. ನಿಮ್ಮ ಭುಜ ನೋಯುವುದು ಆ ದೂರಕ್ಕೆ. ಅದು ಅಭ್ಯಾಸ ಆಗುವುದಿಲ್ಲ ಮೇಡಂ. ಮೊದಲು ಭುಜ, ಆಮೇಲೆ ಕುತ್ತಿಗೆ, ಆಮೇಲೆ ಅಂಗೈ ಜೋಮು ಹಿಡಿಯುವುದು, ಹೀಗೆ ಬೆಳೆಯುತ್ತದೆ.

ಮನೆಯಲ್ಲೇ ಒಂದು ಅಳತೆ ತಗೊಳ್ಳಿ. ಚಪ್ಪಲಿ ಬಿಟ್ಟು ಗೋಡೆಗೆ ಬೆನ್ನು ಕೊಟ್ಟು ನಿಲ್ಲಿ. ಕಾಲ ನಡುವೆ ಒಂದು ದಪ್ಪ ಪುಸ್ತಕ ಇಟ್ಟು, ಸೀಟಿನ ಮೇಲೆ ಕೂತಾಗ ಹೇಗೆ ಒತ್ತುತ್ತದೋ ಅಷ್ಟು ಮೇಲಕ್ಕೆ ಒತ್ತಿ ಹಿಡಿಯಿರಿ. ಪುಸ್ತಕದ ಮೇಲಂಚಿನಿಂದ ನೆಲಕ್ಕೆ ಎಷ್ಟು ಸೆಂಟಿಮೀಟರ್ ಅಂತ ಇಲ್ಲಿ ಹಾಕಿ.

ಧಾರವಾಡ ಪೇಡಾ

ಈ ಇಂಚಿನ ಗೊಂದಲ ಎಲ್ಲಿಂದ ಬಂತು ಅಂತ ನಾನು ಹೇಳುತ್ತೇನೆ ನೋಡ್ರಿ. ನಮ್ಮ ಅಪ್ಪನ ಕಾಲದ ಕರೀ ಸೈಕಲ್ಲು ನೆನಪಿದೆಯಾ? ಅದರಲ್ಲಿ "22 ಇಂಚಿಂದು", "24 ಇಂಚಿಂದು" ಅನ್ನುತ್ತಿದ್ದರು. ಅದು ಫ್ರೇಮಿನ ಅಳತೆ. ಎರಡಕ್ಕೂ ಚಕ್ರ 28 ಇಂಚಿನದ್ದೇ. ಆಮೇಲೆ ಗೇರ್ ಸೈಕಲ್ ಬಂದವು, ಅಂಗಡಿಯವರು ಚಕ್ರದ ಇಂಚು ಹೇಳಲು ಶುರು ಮಾಡಿದರು. ಜನ ಅದನ್ನೇ ಸೈಕಲ್ಲಿನ ಸೈಜು ಅಂದುಕೊಂಡರು.

ನಾನು ಎಂಟನೇ ವಯಸ್ಸಿಗೆ ಆ 24 ಇಂಚಿನ ಸೈಕಲ್ಲಿನಲ್ಲಿ ಒಳಪೆಡಲು ಹೊಡೆದು ಕಲಿತವನು. ಸೀಟಿನ ಮೇಲೆ ಕೂರಲು ಇನ್ನೂ ನಾಲ್ಕು ವರ್ಷ ಬೇಕಾಯಿತು!

ದಿಬ್ಬದ ಮನೆ

@ಕಡ್ಡಿ ಬಿಗಿಯುವವ ಸರ್, ಅಳತೆ ತಗೊಂಡೆ. ಮಗಳು ಟೇಪ್ ಹಿಡಿದಳು. 73 ಸೆಂಟಿಮೀಟರ್.

ಕಡ್ಡಿ ಬಿಗಿಯುವವ

ಒಳ್ಳೆಯದು. 73ನ್ನು 0.88ರಿಂದ ಗುಣಿಸಿ. 64 ಸೆಂಟಿಮೀಟರ್ ಚಿಲ್ಲರೆ ಬರುತ್ತದೆ. ಪೆಡಲ್ ತಿರುಗುವ ನಡು ಇದೆಯಲ್ಲ, ಅಲ್ಲಿಂದ ಸೀಟಿನ ಮೇಲ್ಭಾಗಕ್ಕೆ ಅಷ್ಟು ಎತ್ತರ ಇರಬೇಕು. ಅಂಗಡಿಯಲ್ಲಿ ಟೇಪ್ ಹಿಡಿದೇ ಇಡಿಸಿ. ಟ್ರಾಫಿಕ್‌ನಲ್ಲಿ ಹೊಸದಾಗಿ ಓಡಿಸುವವರು ಮೊದಲ ವಾರ ಎರಡು ಸೆಂಟಿಮೀಟರ್ ಕೆಳಗೆ ಇಟ್ಟುಕೊಂಡರೂ ತಪ್ಪಿಲ್ಲ, ಕಾಲು ಬೇಗ ನೆಲಕ್ಕೆ ಸಿಗುತ್ತದೆ.

ಎರಡನೆಯದು, ಸೀಟು ಬಿಟ್ಟು ಮುಂದೆ ಇಳಿದು, ಮೇಲಿನ ಪೈಪಿನ ಎರಡೂ ಕಡೆ ಕಾಲಿಟ್ಟು ನಿಲ್ಲಿ. ಪೈಪಿಗೂ ನಿಮಗೂ ನಡುವೆ ಮೂರು ಬೆರಳಷ್ಟಾದರೂ ಜಾಗ ಇರಬೇಕು. ಇ-ಸೈಕಲ್ಲಿಗೆ ಇದು ಇನ್ನೂ ಮುಖ್ಯ. ಸಾಮಾನ್ಯ ಸೈಕಲ್ 14, 15 ಕೆಜಿ ಇದ್ದರೆ ಇದು 22ರಿಂದ 25 ಕೆಜಿ ತೂಗುತ್ತದೆ. ಸಿಗ್ನಲ್‌ನಲ್ಲಿ ಸ್ವಲ್ಪ ವಾಲಿದರೂ ಹಿಡಿದು ನಿಲ್ಲಿಸುವುದು ಕಷ್ಟ.

ಹ್ಯಾಂಡಲ್ ಒಂದೆರಡು ಸೆಂಟಿಮೀಟರ್ ಮಾತ್ರ ದೂರ ಅನಿಸಿದರೆ ಹ್ಯಾಂಡಲನ್ನು ಹಿಡಿದಿರುವ ಗಿಡ್ಡ ತುಂಡು, ಅಂದರೆ ಸ್ಟೆಮ್ ಬದಲಿಸಬಹುದು. 90 ಮಿಲಿಮೀಟರಿನದ್ದು ತೆಗೆದು 60ರದ್ದು ಹಾಕಿದರೆ ಮೂರು ಸೆಂಟಿಮೀಟರ್ ಹತ್ತಿರ ಬರುತ್ತದೆ. ಸೀಟನ್ನೇ ಮುಂದೆ ತಳ್ಳಿ ಸರಿ ಮಾಡುತ್ತೇವೆ ಅಂದರೆ ಒಪ್ಪಬೇಡಿ, ಆಗ ಮಂಡಿಗೆ ಭಾರ ಬೀಳುತ್ತದೆ. ಅದಕ್ಕಿಂತ ಜಾಸ್ತಿ ದೂರ ಇದ್ದರೆ ಆ ಫ್ರೇಮೇ ನಿಮ್ಮದಲ್ಲ.

ನಾಗರಭಾವಿ ಅಮ್ಮ

ಸಲ್ವಾರ್ ಹಾಕಿ ಓಡಿಸುತ್ತೀರಾದರೆ ನಡುವಿನ ಪೈಪು ಕೆಳಗಿಳಿದಿರುವ ಫ್ರೇಮ್ ನೋಡಿ. ನನ್ನದು ಅಂಥದ್ದೇ. ಚೈನಿಗೆ ಪೂರ್ತಿ ಕವರ್ ಇರಲಿ. ಒಂದೇ ಸಂಗತಿ, ಕೆಲವದರಲ್ಲಿ ಬ್ಯಾಟರಿ ಹಿಂದಿನ ಕ್ಯಾರಿಯರ್ ಮೇಲೆ ಇರುತ್ತದೆ. ಅದರ ಮೇಲೆ ಬ್ಯಾಗೂ ಇಟ್ಟರೆ ಸೈಕಲ್ ಬಾಲ ಅಲ್ಲಾಡಿಸಿದ ಹಾಗೆ ಆಗುತ್ತದೆ. ಸೀಟಿನ ಕಂಬದ ಹಿಂದೆ, ಕೆಳಗೆ ಬ್ಯಾಟರಿ ಇರುವಂಥದ್ದು ಮೇಲು.

ಐಂದ್‌ಹೋವನ್ ಕನ್ನಡಿಗ

ದಿಬ್ಬ ಇದೆ ಅಂದಮೇಲೆ ಚಕ್ರದ ನಡುವೆ ಕೂರುವ ಹಬ್ ಮೋಟರ್ ಯಾಕೆ ನೋಡುತ್ತಿದ್ದೀರಿ? ಪೆಡಲ್ ಹತ್ತಿರ, ನಡುವೆ ಮೋಟರ್ ಇರುವ ಸೈಕಲ್ ತಗೊಳ್ಳಿ. ನಾನು ಇಲ್ಲಿ ನೆದರ್‌ಲ್ಯಾಂಡ್ಸ್‌ನಲ್ಲಿ ಐದು ವರ್ಷದಿಂದ ಅದನ್ನೇ ಓಡಿಸುತ್ತಿದ್ದೇನೆ. ಗೇರ್ ಇಳಿಸಿದರೆ ಮೋಟರೂ ಅದೇ ಗೇರಿನಲ್ಲಿ ಎಳೆಯುತ್ತದೆ. ಕಾಲು ಎಷ್ಟು ಒತ್ತುತ್ತದೋ ಅಷ್ಟಕ್ಕೆ ತಕ್ಕ ಹಾಗೆ ಶಕ್ತಿ ಕೊಡುತ್ತದೆ. ಒಮ್ಮೆ ಓಡಿಸಿದರೆ ಹಬ್ ಮೋಟರ್ ಮುಟ್ಟುವುದಿಲ್ಲ ನೀವು.

ಧಾರವಾಡ ಪೇಡಾ

ನೀವಿರುವ ಊರಿನಲ್ಲಿ ದಿಬ್ಬವೇ ಇಲ್ಲವಲ್ಲ ಸರ್!

ಐಂದ್‌ಹೋವನ್ ಕನ್ನಡಿಗ

ದಿಬ್ಬ ಇಲ್ಲ, ಗಾಳಿ ಇದೆ. ಎದುರುಗಾಳಿ ಬೀಸಿದರೆ ಕೊನೆಯೇ ಇಲ್ಲದ ದಿಬ್ಬ ಹತ್ತಿದ ಹಾಗೆ ಇರುತ್ತದೆ. ಬಂದು ನೋಡಿ.

ಕಡ್ಡಿ ಬಿಗಿಯುವವ

ನಡು ಮೋಟರ್ ಏರಿಗೆ ಒಳ್ಳೆಯದು, ಅದರಲ್ಲಿ ಎರಡು ಮಾತಿಲ್ಲ. ಆದರೆ ಇಲ್ಲಿ ಅಂಥವು ಸಿಗುವುದು ಕಡಿಮೆ, ಬೆಲೆ ತುಂಬಾ ಜಾಸ್ತಿ. ಮೋಟರಿನ ಜೋರು ಪೂರ್ತಿ ಚೈನಿನ ಮೇಲೆ ಬೀಳುವುದರಿಂದ ಚೈನು ಬೇಗ ಸವೆಯುತ್ತದೆ. ಮೋಟರ್ ಕೆಟ್ಟರೆ ಬಿಡಿಭಾಗಕ್ಕೆ ತಿಂಗಳುಗಟ್ಟಲೆ ಕಾಯಬೇಕಾಗಬಹುದು. ದಿನಾ ಆಫೀಸಿಗೆ ಹೋಗುವವರಿಗೆ ಅದು ಸಣ್ಣ ಸಂಗತಿಯಲ್ಲ.

ಅದಕ್ಕಿಂತ ಮೊದಲು, ಇವರ ದಿಬ್ಬಕ್ಕೆ ನಡು ಮೋಟರ್ ಬೇಕೇ ಬೇಕಾ ಅಂತ ಲೆಕ್ಕ ಹಾಕೋಣ. ಮೇಡಂ 60 ಕೆಜಿ ಅಂದುಕೊಳ್ಳೋಣ, ಸೈಕಲ್ 22, ಬ್ಯಾಗ್ 6. ಒಟ್ಟು 88 ಕೆಜಿ. ಐನೂರು ಮೀಟರಿಗೆ 35 ಮೀಟರ್ ಎತ್ತರ ಅಂದರೆ ನೂರಕ್ಕೆ ಏಳು. ಗಂಟೆಗೆ 10 ಕಿಲೋಮೀಟರ್ ವೇಗದಲ್ಲಿ ಹತ್ತಲು ಚಕ್ರಕ್ಕೆ ಸುಮಾರು 190 ವ್ಯಾಟ್ ಬೇಕು. ಇವರು ಸುಮ್ನೆ ತುಳಿದರೂ 60, 70 ವ್ಯಾಟ್ ಬರುತ್ತದೆ. ಉಳಿದ 120ನ್ನು ಹಬ್ ಮೋಟರ್ ಆರಾಮಾಗಿ ಕೊಡುತ್ತದೆ. ಮೂರು ನಿಮಿಷದ ಕೆಲಸ.

ಕೆಡುವುದು ಎಲ್ಲಿ ಅಂದರೆ, ತುಳಿಯದೆ ಬರೀ ಥ್ರಾಟಲ್ ತಿರುಗಿಸಿ ಹತ್ತುವವರಲ್ಲಿ. ಹಬ್ ಮೋಟರ್ ಚಕ್ರದ ವೇಗಕ್ಕೆ ತಕ್ಕ ಹಾಗೇ ತಿರುಗಬೇಕು, ಅದಕ್ಕೆ ಸೈಕಲ್ಲಿನ ಗೇರ್ ಸಹಾಯ ಮಾಡುವುದಿಲ್ಲ. ವೇಗ ಐದಾರಕ್ಕೆ ಇಳಿದರೆ ಬ್ಯಾಟರಿಯಿಂದ ಬಂದ ಕರೆಂಟಿನಲ್ಲಿ ಬಹುಪಾಲು ಬಿಸಿಯಾಗಿ ಹೋಗುತ್ತದೆ. ಹತ್ತಿ ಮುಗಿದ ಮೇಲೆ ಹಬ್ಬಿನ ಮೇಲೆ ಅಂಗೈ ಇಟ್ಟು ನೋಡಿ. ಮೂರು ಎಣಿಸುವಷ್ಟು ಹೊತ್ತು ಇಡಲಾಗದಿದ್ದರೆ ಮೋಟರಿಗೆ ಭಾರ ಜಾಸ್ತಿಯಾಗುತ್ತಿದೆ ಅಂತ ಅರ್ಥ. ಒಳಗೆ ನೈಲಾನಿನ ಹಲ್ಲುಚಕ್ರ ಇರುತ್ತವೆ, ಬಿಸಿಗೆ ಅವು ಸವೆಯುತ್ತವೆ. ಆಗ ಕರಕರ ಸದ್ದು ಶುರುವಾಗುತ್ತದೆ.

ಬೆಳಗಿನ ಸವಾರ

ಚಕ್ರದ ಮಾತು ಒಪ್ಪಿದೆ, ನನಗೆ ಅದು ಗೊತ್ತಿರಲಿಲ್ಲ. ಆದರೆ ಇಷ್ಟೆಲ್ಲಾ ಖರ್ಚು ಯಾಕೆ? ನಿಮಗೆ ಸರಿ ಹೊಂದುವ ಸಾಮಾನ್ಯ ಹೈಬ್ರಿಡ್ ಸೈಕಲ್ ತಗೊಂಡು ಮುಂದಿನ ಚಕ್ರಕ್ಕೆ ಮೋಟರ್ ಕಿಟ್ ಹಾಕಿಸಿ. ಸೈಜೂ ಸಿಗುತ್ತದೆ, ಮೋಟರೂ ಸಿಗುತ್ತದೆ. ಹಿಂದೆ ಪಂಚರ್ ಆದರೆ ವೈರು ಬಿಚ್ಚುವ ತಲೆನೋವೂ ಇಲ್ಲ.

ಕಡ್ಡಿ ಬಿಗಿಯುವವ

ಸೈಜಿನ ವಿಷಯಕ್ಕೆ ಅದು ಒಳ್ಳೆಯ ಯೋಚನೆಯೇ. ಆದರೆ ಮುಂದಿನ ಫೋರ್ಕ್ ಯಾವುದು ಅಂತ ನೋಡಬೇಕು. ಶಾಕ್ ಇರುವ ಅಲ್ಯೂಮಿನಿಯಂ ಫೋರ್ಕ್ ಆದರೆ ನಾನು ಹಾಕಿಕೊಡುವುದಿಲ್ಲ. ಮೋಟರ್ ಎಳೆಯುವಾಗ ಅದರ ಆಕ್ಸಲ್ ಹಿಂದಕ್ಕೆ ತಿರುಗಲು ನೋಡುತ್ತದೆ. ಆಕ್ಸಲ್ ಕೂರುವ ಸಂದು ಸ್ವಲ್ಪ ಸ್ವಲ್ಪವೇ ಅಗಲವಾಗಿ, ಒಂದು ದಿನ ಚಕ್ರ ಕಳಚಿ ಬರಬಹುದು. ಹಿಂದೆ ಕಳಚಿದರೆ ಸೈಕಲ್ ನಿಲ್ಲುತ್ತದೆ, ಮುಂದೆ ಕಳಚಿದರೆ ಮುಖ ನೆಲಕ್ಕೆ ಬೀಳುತ್ತದೆ. ಗಟ್ಟಿ ಕಬ್ಬಿಣದ ಫೋರ್ಕ್ ಇದ್ದು, ಆಕ್ಸಲ್ ತಿರುಗದಂತೆ ಹಿಡಿಯುವ ಟಾರ್ಕ್ ಆರ್ಮ್ ಹಾಕಿದರೆ ಸರಿ. ಮಳೆಯಲ್ಲಿ ಝೀಬ್ರಾ ಪಟ್ಟಿಯ ಬಣ್ಣದ ಮೇಲೆ, ಸಂಜೆ ಏರಿನ ಮಣ್ಣಿನ ಮೇಲೆ ಮುಂದಿನ ಚಕ್ರ ಸುಮ್ನೆ ತಿರುಗುವುದೂ ಇದೆ. ಏರಿನಲ್ಲಿ ಭಾರ ಹಿಂದೆ ಬೀಳುತ್ತದೆ ಅಲ್ವಾ.

ಇನ್ನು ಹಿಂದಿನ ಪಂಚರ್. ಅದಕ್ಕೆ ಚಕ್ರ ಬಿಚ್ಚಲೇಬೇಕು ಅಂತ ಎಲ್ಲರೂ ಹೆದರುತ್ತಾರೆ. ಬಿಚ್ಚಬೇಕಿಲ್ಲ. ಟೈರಿನ ಒಂದು ಅಂಚು ಎಬ್ಬಿಸಿ, ಟ್ಯೂಬನ್ನು ಪಕ್ಕಕ್ಕೆ ಎಳೆದು, ಇದ್ದಲ್ಲೇ ಪ್ಯಾಚ್ ಹಾಕಬಹುದು. ರಸ್ತೆ ಬದಿಯ ಪಂಚರ್ ಅಂಗಡಿಯವರಿಗೂ ಇದು ಬರುತ್ತದೆ. ಟೈರ್ ಬದಲಿಸುವಾಗ ಮಾತ್ರ ಚಕ್ರ ಬಿಚ್ಚಬೇಕು. ಆಗ ಆಕ್ಸಲಿನ ವಾಷರ್‌ಗಳು ಯಾವ ಸಾಲಿನಲ್ಲಿದ್ದವು ಅಂತ ಫೋಟೋ ತೆಗೆದಿಟ್ಟುಕೊಳ್ಳಿ. ಮೊಳೆಯಂಥ ಹಲ್ಲಿರುವ ವಾಷರ್ ಬಿಟ್ಟುಹೋದರೆ ಆಕ್ಸಲ್ ತಿರುಗಿ ವೈರನ್ನು ಹಿಂಡಿಬಿಡುತ್ತದೆ. ಆಮೇಲೆ ಮೋಟರೇ ಓಡುವುದಿಲ್ಲ.

ದಿಬ್ಬದ ಮನೆ

ಎಷ್ಟು ಬಿಡಿಸಿ ಹೇಳಿದಿರಿ, ತುಂಬಾ ಥ್ಯಾಂಕ್ಸ್ ಸರ್. ಏರಿನಲ್ಲಿ ಬ್ಯಾಟರಿ ತುಂಬಾ ಖಾಲಿಯಾಗುತ್ತದೆ ಅಂತ ನನಗೆ ಭಯ ಇತ್ತು. ಬ್ಯಾಟರಿ ಲೆಕ್ಕವನ್ನೂ ಹೇಳಿ. 60 ಕಿಲೋಮೀಟರ್ ನಿಜಾನಾ?

ಮೈಸೂರಿನ ಮೇಷ್ಟ್ರು

ಇದನ್ನು ನಾನು ಹೇಳುತ್ತೇನೆ, ಎರಡೂವರೆ ವರ್ಷದಿಂದ ಡೈರಿಯಲ್ಲಿ ಬರೆದಿಟ್ಟಿದ್ದೇನೆ. ನನ್ನದು 36 ವೋಲ್ಟ್, 10.4 ಎಎಚ್. ಎರಡನ್ನೂ ಗುಣಿಸಿದರೆ 374 ವ್ಯಾಟ್-ಅವರ್. ಅದೇ ಡಬ್ಬದಲ್ಲಿರುವ ಎಣ್ಣೆ ಅಂದುಕೊಳ್ಳಿ. ತಳದ ಸ್ವಲ್ಪ ಕೈಗೆ ಸಿಗುವುದಿಲ್ಲ, 335 ಅಂತ ಇಟ್ಟುಕೊಳ್ಳಿ.

ನಾನು ತುಳಿಯುತ್ತಾ ಮೋಟರ್ ಸಹಾಯ ತಗೊಂಡರೆ ಕಿಲೋಮೀಟರಿಗೆ ಸುಮಾರು 9 ಖರ್ಚು. ಅಂದರೆ 37 ಕಿಲೋಮೀಟರ್. ಬರೀ ಥ್ರಾಟಲ್‌ನಲ್ಲಿ ಹೋದರೆ 14 ಖರ್ಚಾಗುತ್ತದೆ, 24 ಕಿಲೋಮೀಟರಿಗೆ ಮುಗಿಯುತ್ತದೆ. 60 ಬರಬೇಕಾದರೆ ಸಹಾಯವನ್ನು ಎಲ್ಲಕ್ಕಿಂತ ಕಡಿಮೆ ಇಟ್ಟು, ಸಮತಟ್ಟಾದ ರಸ್ತೆಯಲ್ಲಿ, ಸಿಗ್ನಲ್ ಇಲ್ಲದೆ, ನಿಧಾನವಾಗಿ ಹೋಗಬೇಕು. ನಿಮ್ಮ ರಿಂಗ್ ರೋಡಿನಲ್ಲಿ ಅದು ಆಗುವ ಮಾತಲ್ಲ.

7.8 ಎಎಚ್ ಅಂದರೆ 281 ವ್ಯಾಟ್-ಅವರ್, ಕೈಗೆ ಸಿಗುವುದು 250. ತುಳಿಯುತ್ತಾ ಹೋದರೆ 28 ಕಿಲೋಮೀಟರ್, ಥ್ರಾಟಲ್‌ನಲ್ಲಿ 18. ನಿಮಗೆ ಬೇಕಾದ್ದು 23. ಹೊಸದರಲ್ಲಿ ಹೇಗೋ ಮುಟ್ಟಿಸುತ್ತದೆ. ಎರಡು ಮೂರು ವರ್ಷಕ್ಕೆ ಬ್ಯಾಟರಿ ಐದರಲ್ಲಿ ಒಂದು ಪಾಲು ಕಳೆದುಕೊಂಡ ಮೇಲೆ ನಿಮ್ಮ ದಿಬ್ಬದ ಬುಡದಲ್ಲಿ ಕೈಕೊಡುತ್ತದೆ. ಬೇಕಾದ ದಿನ, ಬೇಕಾದ ಜಾಗದಲ್ಲೇ! ಅದಕ್ಕೇ ದೊಡ್ಡದು ತಗೊಳ್ಳಿ.

ಕಡ್ಡಿ ಬಿಗಿಯುವವ

ಮೇಷ್ಟ್ರು ಹೇಳಿದ್ದು ಸರಿಯಾಗಿದೆ. ದಿಬ್ಬದ ಖರ್ಚನ್ನು ನಾನು ಸೇರಿಸುತ್ತೇನೆ. 88 ಕೆಜಿಯನ್ನು 35 ಮೀಟರ್ ಎತ್ತಲು ಎಂಟೂವರೆ ವ್ಯಾಟ್-ಅವರ್ ಸಾಕು. ಮೋಟರಿನಲ್ಲಿ ಪೋಲಾಗುವುದನ್ನು ಸೇರಿಸಿದರೂ 14, 15. ಅಂದರೆ ಇಡೀ ದಿಬ್ಬಕ್ಕೆ ಒಂದೂವರೆ ಕಿಲೋಮೀಟರ್ ಸವಾರಿಯಷ್ಟು ಬ್ಯಾಟರಿ. ನಿಮ್ಮ ಬ್ಯಾಟರಿ ತಿನ್ನುವುದು ದಿಬ್ಬವಲ್ಲ ಮೇಡಂ. ಪ್ರತಿ ಸಿಗ್ನಲ್‌ನಲ್ಲಿ ನಿಂತು ಮತ್ತೆ ಹೊರಡುವುದು, ಹಿಂದಿನ ಬಸ್ಸಿಗೆ ಹೆದರಿ 25ರಲ್ಲೇ ಓಡಿಸುವುದು. ಟೈರಿನ ಗಾಳಿ ಕಡಿಮೆ ಇದ್ದರೂ ಅಷ್ಟೇ. ವಾರಕ್ಕೊಮ್ಮೆ ಒತ್ತಿ ನೋಡಿ.

ಬಸ್ ಪಾಸ್

ಹಾಗಾದರೆ ಇಳಿಜಾರಿನಲ್ಲಿ ಬರುವಾಗ ಬ್ಯಾಟರಿ ತಾನೇ ಚಾರ್ಜ್ ಆಗುವುದಿಲ್ವಾ?

ಕಡ್ಡಿ ಬಿಗಿಯುವವ

ನಮ್ಮಲ್ಲಿ ಬರುವ ಹೆಚ್ಚಿನ ಹಬ್ ಮೋಟರ್‌ಗಳಲ್ಲಿ ಆಗುವುದಿಲ್ಲ. ಒಳಗೆ ಕ್ಲಚ್ ಇರುತ್ತದೆ, ಇಳಿಜಾರಿನಲ್ಲಿ ಮೋಟರ್ ಬಿಟ್ಟುಕೊಂಡು ಚಕ್ರ ಮಾತ್ರ ಉರುಳುತ್ತದೆ. ಹಿಂದಿನ ಚಕ್ರ ಎತ್ತಿ ಮುಂದಕ್ಕೆ ತಿರುಗಿಸಿ, ಸಲೀಸಾಗಿ ತಿರುಗುತ್ತದೆ. ಹಿಂದಕ್ಕೆ ತಿರುಗಿಸಿದರೆ ಬಿಗಿ. ಅಂಗಡಿಯಲ್ಲೇ ನೋಡಬಹುದು. ಕರೆಂಟ್ ಇಲ್ಲದಾಗಲೂ ಸಾಮಾನ್ಯ ಸೈಕಲ್ಲಿನ ಹಾಗೆ ತುಳಿಯಲು ಆಗುವುದು ಅದರಿಂದಲೇ, ಸ್ವಲ್ಪ ಭಾರ ಅಷ್ಟೆ.

ನಾಗರಭಾವಿ ಅಮ್ಮ

ಈಗ ನನ್ನ ಕಥೆ ಕೇಳಿ, ಕಳ್ಳತನದ್ದು. ಯಾರೂ ಅದರ ಮಾತೇ ಎತ್ತಿಲ್ಲ.

ಹೋದ ವರ್ಷ ನಮ್ಮ ಅಪಾರ್ಟ್‌ಮೆಂಟಿನ ಬೇಸ್‌ಮೆಂಟ್‌ನಲ್ಲೇ ಹೋಯಿತು. ಸೈಕಲ್ ಅಲ್ಲ, ಬ್ಯಾಟರಿ ಮಾತ್ರ. ಚಕ್ರಕ್ಕೆ ಒಳ್ಳೆಯ ಬೀಗ ಹಾಕಿದ್ದೆ, ಅದನ್ನು ಮುಟ್ಟಿಯೂ ಇರಲಿಲ್ಲ. ಬ್ಯಾಟರಿಯ ಬೀಗದ ಹತ್ತಿರ ಪ್ಲಾಸ್ಟಿಕ್ ಬಿರುಕು ಬಿಟ್ಟಿತ್ತು, ಸ್ಕ್ರೂ ಡ್ರೈವರ್ ಹಾಕಿ ಮೀಟಿದ್ದಾರೆ. ಬೆಳಿಗ್ಗೆ ಹೋಗಿ ನೋಡಿದರೆ ಪೈಪಿನಲ್ಲಿ ಉದ್ದ ಖಾಲಿ ಜಾಗ, ಎರಡು ವೈರು ಹೊರಗೆ. ಅಲ್ಲೇ ಕೂತು ಅತ್ತುಬಿಟ್ಟೆ. ಹೊಸ ಬ್ಯಾಟರಿಗೆ ಹದಿನೈದು ಸಾವಿರದ ಹತ್ತಿರ ಆಯಿತು.

ಸಿಸಿ ಕ್ಯಾಮೆರಾ ಇತ್ತು, ಟೋಪಿ ಹಾಕಿದ್ದವನು ಕಂಡ, ಮುಖ ಕಾಣಲಿಲ್ಲ. ಪೊಲೀಸ್ ಠಾಣೆಗೆ ಹೋದಾಗ ಬ್ಯಾಟರಿಯ ನಂಬರ್ ಕೇಳಿದರು. ನನ್ನ ಬಿಲ್ಲಿನಲ್ಲಿ ಫ್ರೇಮ್ ನಂಬರೂ ಇರಲಿಲ್ಲ, ಬ್ಯಾಟರಿ ನಂಬರೂ ಇರಲಿಲ್ಲ. ಬರೀ "ಇ-ಸೈಕಲ್ ಒಂದು" ಅಂತ ಬರೆದು ಸೀಲ್ ಹೊಡೆದಿದ್ದರು. ಅದಕ್ಕೇ ಹೇಳುತ್ತೇನೆ, ಅಂಗಡಿಯಲ್ಲೇ ಸೈಕಲ್ ತಲೆಕೆಳಗು ಮಾಡಿಸಿ. ಪೆಡಲ್ ತಿರುಗುವ ನಡುವಿನ ಕೆಳಗೆ ಕೊರೆದಿರುವ ನಂಬರ್ ಇರುತ್ತದೆ. ಅದನ್ನೂ ಬ್ಯಾಟರಿಯ ನಂಬರನ್ನೂ ಬಿಲ್ಲಿನಲ್ಲಿ ಬರೆಸಿಕೊಳ್ಳಿ, ಫೋಟೋ ತೆಗೆದುಕೊಳ್ಳಿ.

ಬೆಳಗಿನ ಸವಾರ

ಅಯ್ಯೋ, ಬೇಜಾರಾಯಿತು ಅಮ್ಮ. ನನ್ನದು ಮೆಟ್ರೋ ಸ್ಟೇಷನ್ ಹೊರಗೆ ಹೋಗಿತ್ತು. ಕೇಬಲ್ ಲಾಕ್ ಹಾಕಿದ್ದೆ. ತುಂಡಾದ ಕೇಬಲ್ ಅಲ್ಲೇ ಬಿದ್ದಿತ್ತು, ಕತ್ತರಿಸಿದ ಜಾಗ ಎಷ್ಟು ನೀಟಾಗಿತ್ತು ಅಂದರೆ ಒಂದೇ ಏಟಿಗೆ ಕತ್ತರಿಸಿದ್ದಾರೆ.

ಕಡ್ಡಿ ಬಿಗಿಯುವವ

ಕೇಬಲ್ ಲಾಕ್ ಹಾಲಿನ ಅಂಗಡಿಗೆ ಹೋಗಿ ಬರುವಷ್ಟು ಹೊತ್ತಿಗೆ ಸರಿ, ಎಂಟು ಗಂಟೆ ನಿಲ್ಲಿಸುವುದಕ್ಕಲ್ಲ. ಯು-ಲಾಕ್ ತಗೊಳ್ಳಿ. ಹಬ್ ಮೋಟರ್ ಸೈಕಲ್ಲಿನಲ್ಲಿ ಬೆಲೆ ಬಾಳುವುದು ಹಿಂದಿನ ಚಕ್ರ, ಅದನ್ನು ಬಿಟ್ಟು ಮುಂದಿನ ಚಕ್ರಕ್ಕೆ ಬೀಗ ಹಾಕಬೇಡಿ. ಸೀಟಿನ ಕಂಬದ ಹಿಂದೆ ಪೈಪುಗಳು ತ್ರಿಕೋನದ ಹಾಗೆ ಸೇರುತ್ತವಲ್ಲ, ಆ ತ್ರಿಕೋನದೊಳಗೆ ಬರುವ ರಿಮ್ಮಿನ ಭಾಗಕ್ಕೆ ಯು-ಲಾಕ್ ಹಾಕಿ ನೆಲಕ್ಕೆ ನೆಟ್ಟ ಕಂಬಕ್ಕೆ ಸೇರಿಸಿ. ಚಕ್ರವೂ ಉಳಿಯುತ್ತದೆ, ಫ್ರೇಮೂ ಉಳಿಯುತ್ತದೆ. ಮುಂದಿನ ಚಕ್ರ ಕೈಯಲ್ಲೇ ಬಿಚ್ಚುವಂಥದ್ದಾದರೆ ಅದರ ಲಿವರ್ ತೆಗೆಸಿ ನಟ್ಟು ಹಾಕಿಸಿ.

ಐಂದ್‌ಹೋವನ್ ಕನ್ನಡಿಗ

ಇಲ್ಲಿ ಸೈಕಲ್ಲಿಗೆ ಇನ್ಶೂರೆನ್ಸ್ ಬೇಕು ಅಂದರೆ ಒಪ್ಪಿಗೆ ಮುದ್ರೆ ಇರುವ ಗಟ್ಟಿ ಬೀಗವನ್ನೇ ಹಾಕಿ ಅನ್ನುತ್ತಾರೆ, ಕಳುವಾದಾಗ ಕೀಲಿ ತೋರಿಸು ಅಂತಲೂ ಕೇಳುತ್ತಾರೆ. ಹಿಂದಿನ ಚಕ್ರಕ್ಕೆ ಬಳೆಯಂಥ ಬೀಗ, ಜೊತೆಗೆ ದಪ್ಪ ಸರಪಳಿ, ಹೀಗೆ ಎರಡು ಹಾಕುವುದು ಎಲ್ಲರಿಗೂ ರೂಢಿ. ಸರಪಳಿ ಭಾರ, ಆದರೆ ಮೋಟರ್ ಇರುವ ಸೈಕಲ್ಲಿಗೆ ಆ ಭಾರ ಗೊತ್ತಾಗುವುದಿಲ್ಲ.

ಧಾರವಾಡ ಪೇಡಾ

ಬ್ಯಾಟರಿಯನ್ನು ಆಫೀಸಿನ ಒಳಗೆ ಒಯ್ದುಬಿಟ್ಟರೆ ಮುಗಿಯಿತಲ್ಲ? ಮೂರು ಕೆಜಿ ಇರಬಹುದು.

ಮೈಸೂರಿನ ಮೇಷ್ಟ್ರು

ದಿನಾ ತೆಗೆದು ಹಾಕಿದರೆ ಕೂಡುವ ಜಾಗದ ಪಿನ್ನುಗಳು ಸಡಿಲವಾಗುತ್ತವೆ. ನನ್ನದು ಹಾಗೆ ಆಯಿತು. ಗುಂಡಿಗೆ ಬಿದ್ದಾಗಲೆಲ್ಲಾ ಡಿಸ್‌ಪ್ಲೇ ಆಫ್ ಆಗುತ್ತಿತ್ತು. ನಾನು ಬೀಗವನ್ನೇ ನಂಬುತ್ತೇನೆ.

ನಾಗರಭಾವಿ ಅಮ್ಮ

ಮೇಷ್ಟ್ರೇ, ಪಿನ್ನು ಸಡಿಲವಾದರೆ ಬದಲಿಸಬಹುದು. ಬ್ಯಾಟರಿ ಹೋದರೆ ಹದಿನೈದು ಸಾವಿರ. ನಾನು ದಿನಾ ಒಯ್ಯುತ್ತೇನೆ, ಒಯ್ಯುತ್ತಲೇ ಇರುತ್ತೇನೆ.

ಮೈಸೂರಿನ ಮೇಷ್ಟ್ರು

ನಿಮ್ಮ ಅನುಭವ ನಿಮಗೆ, ನನ್ನದು ನನಗೆ ಅಮ್ಮ. ಒಂದು ಮಾತು ಒಪ್ಪುತ್ತೇನೆ, ಚಾರ್ಜ್ ಮಾಡುವುದು ಮಾತ್ರ ಎಲ್ಲರೂ ಎದ್ದಿರುವಾಗ ಮಾಡಿ. 2 ಆಂಪಿಯರ್ ಚಾರ್ಜರಿನಲ್ಲಿ ಖಾಲಿಯಿಂದ ತುಂಬಲು ಐದು ಗಂಟೆ ಬೇಕು. ಸಂಜೆ ಬಂದು ಅರ್ಧ ಗಂಟೆ ಆರಲು ಬಿಟ್ಟು ಹಾಕಿದರೆ ಮಲಗುವ ಹೊತ್ತಿಗೆ ತೆಗೆಯಬಹುದು, ಏಕೆಂದರೆ ದಿನಾ ಪೂರ್ತಿ ಖಾಲಿಯಾಗಿರುವುದಿಲ್ಲ.

ದಿಬ್ಬದ ಮನೆ

ಎಂಟು ದಿನ ಆಯಿತು, ಆದದ್ದನ್ನು ಹೇಳುತ್ತೇನೆ.

ಶನಿವಾರ ಮೂರನೇ ಅಂಗಡಿಗೆ ಹೋದೆ. ಟೇಪ್ ಕೈಯಲ್ಲೇ ಇತ್ತು. ಮೊದಲು ಮೋಟರ್ ಇಲ್ಲದ ಗೇರ್ ಸೈಕಲ್, ಸಣ್ಣ ಫ್ರೇಮಿನದ್ದು, ಓಡಿಸಿದೆ. ಕೂತ ತಕ್ಷಣ ಗೊತ್ತಾಯಿತು, ಮೊಣಕೈ ಸ್ವಲ್ಪ ಬಾಗಿಯೇ ಇತ್ತು, ಭುಜ ಎಳೆಯಲಿಲ್ಲ. "ಸೈಜು ಸರಿಯಾಗಿದೆ" ಅಂದರೆ ಏನು ಅಂತ ಆಗ ತಿಳಿಯಿತು. ಆಮೇಲೆ ಅದೇ ಅಳತೆಗೆ ಹತ್ತಿರ ಇರುವ ಇ-ಸೈಕಲ್ ಕೇಳಿದೆ. ನಡುವಿನ ಪೈಪು ಕೆಳಗಿಳಿದದ್ದು, 16 ಇಂಚಿನ ಫ್ರೇಮ್, 10.4 ಎಎಚ್ ಬ್ಯಾಟರಿ ಸೀಟಿನ ಕಂಬದ ಹಿಂದೆ. ಹ್ಯಾಂಡಲ್ ಇನ್ನೂ ಸ್ವಲ್ಪ ದೂರ ಇತ್ತು, ಸ್ಟೆಮ್ ಬದಲಿಸಿಕೊಟ್ಟರು.

ಅಂಗಡಿಯವರು ಒಳ್ಳೆಯವರು, ಒಬ್ಬ ಹುಡುಗನನ್ನು ಜೊತೆಗೆ ಕಳಿಸಿ ನಮ್ಮ ದಿಬ್ಬದ ತನಕ ಓಡಿಸಲು ಬಿಟ್ಟರು. ಮೊದಲ ಸಲ ತಪ್ಪು ಮಾಡಿದೆ. ಭಾರದ ಗೇರಿನಲ್ಲೇ ಏರಿಗೆ ಬಂದೆ, ನಡುವೆ ವೇಗ ಏಳಕ್ಕೆ ಇಳಿಯಿತು, ಮೋಟರ್ ಗುಂಯ್ ಅನ್ನತೊಡಗಿತು. ಎರಡನೇ ಸಲ ಏರು ಶುರುವಾಗುವ ಮೊದಲೇ ಗೇರ್ ಇಳಿಸಿ, ಕಾಲು ಬೇಗ ಬೇಗ ತಿರುಗಿಸುತ್ತಾ ಹತ್ತಿದೆ. ಹನ್ನೊಂದರಲ್ಲೇ ಮೇಲೆ ಬಂದೆ. ಹಬ್ಬಿನ ಮೇಲೆ ಅಂಗೈ ಇಟ್ಟೆ, ಬೆಚ್ಚಗಿತ್ತು ಅಷ್ಟೆ. ಮಗಳು ಬಾಲ್ಕನಿಯಿಂದ ಚಪ್ಪಾಳೆ ಹೊಡೆದಳು.

ತಗೊಂಡೆ. ಮೂರು ದಿನ ಆಫೀಸಿಗೆ ಹೋಗಿ ಬಂದೆ. ಹೋಗಿ ಬಂದ ಮೇಲೆ ಡಿಸ್‌ಪ್ಲೇನಲ್ಲಿ ಐದು ಕಡ್ಡಿಯಲ್ಲಿ ಎರಡು ಉಳಿದಿರುತ್ತವೆ.

ಒಂದು ಇನ್ನೂ ಬಗೆಹರಿದಿಲ್ಲ. ಆಫೀಸಿನ ಬೇಸ್‌ಮೆಂಟ್‌ನಲ್ಲಿ ಬೀಗ ಸೇರಿಸಲು ಏನೂ ಇಲ್ಲ. ಕಂಬಗಳು ಎರಡಡಿ ದಪ್ಪ. ಇರುವುದೊಂದು ಕೆಂಪು ಪೈಪು, ಬೆಂಕಿ ಆರಿಸುವ ನೀರಿನದ್ದು, ಅದಕ್ಕೆ ಹಾಕಬೇಡಿ ಅಂದರು ಸೆಕ್ಯೂರಿಟಿಯವರು, ಅವರು ಹೇಳಿದ್ದೂ ಸರಿ. ಗೋಡೆಗೆ ಒಂದು ಕಬ್ಬಿಣದ ಕೊಂಡಿ ಹಾಕಿಸಿಕೊಡಿ ಅಂತ ಮೇಲ್ ಬರೆದಿದ್ದೇನೆ.

ಕಡ್ಡಿ ಬಿಗಿಯುವವ

ಶಭಾಶ್ ಮೇಡಂ. ಕೊಂಡಿ ಹಾಕುವುದಾದರೆ ಕಾಂಕ್ರೀಟಿಗೆ ಆಂಕರ್ ಬೋಲ್ಟ್ ಹಾಕಿ, ಬಿಗಿದ ಮೇಲೆ ತಲೆಗೆ ವೆಲ್ಡ್ ಮಾಡಿಸಲು ಹೇಳಿ. ಇಲ್ಲದಿದ್ದರೆ ಕಳ್ಳ ಸ್ಪ್ಯಾನರ್ ತಂದು ಕೊಂಡಿ ಸಮೇತ ಬಿಚ್ಚಿಕೊಂಡು ಹೋಗುತ್ತಾನೆ. ಇನ್ನೊಂದು, 300 ಕಿಲೋಮೀಟರ್ ಆದ ಮೇಲೆ ಹಿಂದಿನ ಚಕ್ರದ ಕಡ್ಡಿ ಬಿಗಿ ಮಾಡಿಸಿ. ಮೋಟರ್ ಇರುವ ಚಕ್ರದಲ್ಲಿ ಅವು ಮೊದಲ ತಿಂಗಳೇ ಸಡಿಲವಾಗುತ್ತವೆ. ಹಾಗೇ ಬಿಟ್ಟರೆ ಹಬ್ಬಿನ ಹತ್ತಿರ ಬಾಗಿರುವ ಜಾಗದಲ್ಲಿ ಒಂದೊಂದೇ ತುಂಡಾಗುತ್ತವೆ.

ನಾಗರಭಾವಿ ಅಮ್ಮ

ಕೊಂಡಿ ಬರುವ ತನಕ ಬ್ಯಾಟರಿ ಮೇಲಕ್ಕೆ ಒಯ್ಯಿರಿ. ಬಿಲ್ಲಿನಲ್ಲಿ ನಂಬರ್ ಬರೆಸಿದಿರಾ?

ದಿಬ್ಬದ ಮನೆ

ಎರಡೂ ಬರೆಸಿದೆ ಅಮ್ಮ. ಸೈಕಲ್ ತಲೆಕೆಳಗು ಮಾಡಿಸಿದ್ದು ನೋಡಿ ಪಕ್ಕದಲ್ಲಿದ್ದ ಇನ್ನೊಬ್ಬರೂ ತಮ್ಮದನ್ನು ಮಾಡಿಸಿದರು. ಬ್ಯಾಟರಿ ಈಗ ನನ್ನ ಮೇಜಿನ ಕೆಳಗೆ, ಚಪ್ಪಲಿ ಪಕ್ಕದಲ್ಲಿದೆ.